ಅಂತಃಕರಣಕ್ಕೆ ಐದರಲ್ಲಿ ಎಷ್ಟು

ಜನರ ಮಾತಿಗೆ ಅಂಕ ಹಾಕುವುದು ನನ್ನ ಮೊದಲ ನೌಕರಿಯಾಗಿತ್ತು. ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ನಕ್ಕವಳು ನಮ್ಮವ್ವ. ‘ಹುಟ್ಟಿದಾಗಿಂದ ನೀ ಅದನ್ನ ಮಾಡಾಕತ್ತೀದಿ. ಪಗಾರ ಈಗ ಸುರು ಆತು, ಅಷ್ಟ’ ಎಂದಳು. ತಪ್ಪಲ್ಲ. ಯಾರು ಮಾತಾಡಿದರೂ ಅದರಲ್ಲೊಂದು ಕೊಂಕು ಹುಡುಕುವ ಚಟ ನನಗೆ ಮೊದಲಿನಿಂದಲೂ ಇತ್ತು. ಲಿಂಗಸುಗೂರಿನಲ್ಲಿ ನಮ್ಮಪ್ಪನ ಬಟ್ಟೆ ಅಂಗಡಿಗೆ ಬರುವ ಗಿರಾಕಿಗಳೂ ನನ್ನನ್ನು ಕಂಡರೆ ಸ್ವಲ್ಪ ಎಚ್ಚರದಿಂದಲೇ ಮಾತಾಡುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೀಜ ಮತ್ತು ಬೆಳೆಯ ಔಷಧ ಮಾರುವ ಹೈದರಾಬಾದಿನ ಕಂಪನಿಯೊಂದು ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ, ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ, ರೈತರಿಗೆಂದು ಫೋನ್ ಕೇಂದ್ರ ತೆರೆಯಿತು. ಎರಡು ಫೋನು, ಒಂದೊಂದಕ್ಕೂ ಒಬ್ಬೊಬ್ಬ ಏಜೆಂಟು. ಊರೂರಿನ ಎಸ್‌ಟಿಡಿ ಬೂತಿನಿಂದ ರೈತರು ಫೋನ್ ಮಾಡಿ ಭತ್ತಕ್ಕೆ ಬಂದ ಹುಳ, ಸಜ್ಜೆಗೆ ಬಂದ ರೋಗ, ಯಾವ ಔಷಧ, ಎಷ್ಟು ಎಂದು ಕೇಳುತ್ತಿದ್ದರು. ಏಜೆಂಟರ ಮುಂದೆ ಗೋಡೆಗೆ ಚಾರ್ಟು ತೂಗುಬಿಟ್ಟಿದ್ದರು. ಅದನ್ನು ನೋಡಿ ಅವರು ಹೇಳಬೇಕು. ಕೆಳಗೆ ಗೊಬ್ಬರದ ವಾಸನೆ, ಪಕ್ಕದಲ್ಲಿ ರೈಸ್ ಮಿಲ್ಲಿನ ಸದ್ದು. ಇವೆರಡರ ನಡುವೆ ನಾವು ಹೈದರಾಬಾದಿನ ಶಿಸ್ತು ನಡೆಸುತ್ತಿದ್ದೆವು.

ಪ್ರತಿ ಕರೆಯೂ ಕ್ಯಾಸೆಟ್ಟಿನಲ್ಲಿ ತುಂಬಿಕೊಳ್ಳುತ್ತಿತ್ತು. ಆ ಕ್ಯಾಸೆಟ್ಟನ್ನು ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರು ಕೇಳಿ ಅರ್ಧ ಪುಟದ ಸಾರಾಂಶ ಬರೆಯುತ್ತಿದ್ದರು. ಆ ಸಾರಾಂಶ ಓದಿ ನಾನು ನಾಲ್ಕು ಬಾಬತ್ತಿಗೆ ಅಂಕ ಹಾಕಬೇಕು: ಸ್ವಾಗತ, ಸಹಾನುಭೂತಿ, ನಿಖರತೆ, ಮುಕ್ತಾಯ. ಒಂದೊಂದಕ್ಕೂ ಐದೈದು. ಕ್ಯಾಸೆಟ್ಟನ್ನು ನಾನು ಕೇಳಕೂಡದು. ‘ದನಿ ಕೇಳಿದರೆ ಮೋಹ ಬರುತ್ತದೆ, ಕಾಗದಕ್ಕೆ ಮೋಹವಿಲ್ಲ’ ಎಂದು ಹೈದರಾಬಾದಿನ ಮ್ಯಾನೇಜರು ಮೊದಲ ದಿನವೇ ಹೇಳಿ ಹೋಗಿದ್ದರು. ಕ್ಯಾಸೆಟ್ಟುಗಳು ಉಳಿಯುತ್ತಲೂ ಇರಲಿಲ್ಲ. ವಾರ ತುಂಬುವುದರೊಳಗೆ ಅವುಗಳ ಮೇಲೆ ಹೊಸ ಕರೆಗಳು ತುಂಬುತ್ತಿದ್ದವು.

ಅಂಕ ಹಾಕುವವಳಾದ್ದರಿಂದ ಎಲ್ಲರೂ ನನ್ನನ್ನು ಸಾಲಿ ಕಲಿಸುವವರನ್ನು ಕರೆದಂತೆ ‘ಅಕ್ಕೋರ’ ಎನ್ನುತ್ತಿದ್ದರು. ನನಗದು ಒಳಗೊಳಗೇ ಖುಷಿ ಕೊಡುತ್ತಿತ್ತು.

ಕಾಕಾನ ವಿಷಯ ಹೇಳಬೇಕು. ಅವರೂ ಲಿಂಗಸುಗೂರಿನವರು. ತಹಶೀಲ ಕಚೇರಿಯಲ್ಲಿ ಗುಮಾಸ್ತರಾಗಿ, ಪಂಚನಾಮೆ ಬರೆದು ಬರೆದು ನಿವೃತ್ತರಾದವರು. ಬೆಳಗಿನ ಬಸ್ಸಿನಲ್ಲಿ ನಾವಿಬ್ಬರೂ ಜೊತೆಗೇ ಬರುತ್ತಿದ್ದೆವು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂತರೆಂದರೆ ಥೇಟ್ ಆಕಾಶವಾಣಿ. ಆದರೆ ಬರೆಯುವುದು ಮಾತ್ರ ಅದೇ ಹಳೆಯ ಕಚೇರಿಯ ಕನ್ನಡ. ಯಾರು ನಕ್ಕರೂ, ಯಾರು ಬೈದರೂ, ಅವರ ಕಾಗದದ ಮೇಲೆ ‘ಸದರಿಯವರು ವಿಚಾರಿಸಿರುತ್ತಾರೆ, ತಿಳಿಸಲಾಗಿರುತ್ತದೆ’ ಆಗಿ ಬೀಳುತ್ತಿತ್ತು. ‘ಕಾಕಾ, ಮದುವಿ ಮನಿ ವರದಿ ಬರದ್ರೂ ನಿಮ್ಮ ಕಾಗದದಾಗ ಅದು ಜಪ್ತಿ ಮಾಡಿದಂಗ ಕಾಣ್ತದ’ ಎಂದು ನಾನು ಕಾಡುತ್ತಿದ್ದೆ. ಅವರು ನಗುತ್ತಿದ್ದರು, ಬದಲಾಗುತ್ತಿರಲಿಲ್ಲ.

ಏಜೆಂಟರಲ್ಲಿ ಒಬ್ಬ ಸಿಂಧನೂರಿನ ಹುಡುಗ. ಬಯಲಾಟದಲ್ಲಿ ರಾಜನ ಪಾತ್ರ ಮಾಡಿ ಪಳಗಿದ ಗಂಟಲು. ಕಂಪನಿ ಬರೆದುಕೊಟ್ಟ ಸಾಲುಗಳನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದ. ಇನ್ನೊಬ್ಬಳು ಮಸ್ಕಿಯವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಈ ನೌಕರಿ ಸಿಕ್ಕಿದ್ದೇ ತಡ, ಮಗಳನ್ನು ಕರೆತಂದು ಸಿಂಧನೂರಿನ ಸಾಲಿಗೆ ಸೇರಿಸಿ, ಒಂದು ಖೋಲಿ ಹಿಡಿದಿದ್ದಳು. ‘ತವರಮನಿ ಅಂದ್ರ ಎರಡು ದಿನದ ಹಬ್ಬ ಅಕ್ಕೋರ. ಮೂರನೇ ದಿನ ನಾವು ಕೂತ ಜಾಗ ಅವರಿಗೆ ಕಡಿಮಿ ಬೀಳ್ತದ’ ಎಂದಿದ್ದಳು ಒಮ್ಮೆ.

ಆ ಸಲದ ಭತ್ತದ ಬೆಳೆ ಮುಗಿದ ಮೇಲೆ ಒಂದೇ ಫೋನು ಉಳಿಯುತ್ತದೆ ಎಂದು ಹೈದರಾಬಾದಿನಿಂದ ಹೇಳಿ ಕಳಿಸಿದ್ದರು. ಇಬ್ಬರಲ್ಲಿ ಅಂಕ ಹೆಚ್ಚಿದ್ದವರು ಕಾಯಂ, ಕಡಿಮೆಯಿದ್ದವರು ಮನೆಗೆ. ಅಂಕದಲ್ಲಿ ಮಸ್ಕಿಯವಳು ಬಹಳ ಹಿಂದೆ ಬಿದ್ದಿದ್ದಳು. ನಿಖರತೆಗೆ ಇಬ್ಬರಿಗೂ ಹೆಚ್ಚುಕಡಿಮೆ ಐದಕ್ಕೆ ಐದು ಬರುತ್ತಿತ್ತು. ಅವಳನ್ನು ಮುಳುಗಿಸುತ್ತಿದ್ದದ್ದು ಉಳಿದ ಮೂರು. ಹುಡುಗನ ಸಾರಾಂಶದಲ್ಲಿ ‘ತಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ ಎಂದು ಹೇಳಿ ಸಮಾಧಾನಪಡಿಸಿರುತ್ತಾರೆ’ ಎಂದು ಇರುತ್ತಿತ್ತು. ಆ ಸಾಲು ಮೊದಲೇ ಪುಸ್ತಕದ ಕನ್ನಡದಲ್ಲಿದ್ದುದರಿಂದ ಕಾಕಾನ ಕಾಗದಕ್ಕೆ ಹಾಗೇ ಇಳಿಯುತ್ತಿತ್ತು. ಮಸ್ಕಿಯವಳದರಲ್ಲಿ ಅಂಥದ್ದು ಏನೂ ಇರುತ್ತಿರಲಿಲ್ಲ. ಕಾಗದದಲ್ಲಿ ಇಲ್ಲದ್ದಕ್ಕೆ ಅಂಕವಿಲ್ಲ ಎಂಬುದು ನಿಯಮ.

ಒಂದು ಬೆಳಗ್ಗೆ, ಕರೆಗಳು ಶುರುವಾಗುವ ಮೊದಲು, ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

‘ಅಕ್ಕೋರ, ಈ ಸಹಾನುಭೂತಿ ಅಂದ್ರ ಏನ್ರೀ?’

‘ಅಂತಃಕರಣ’ ಎಂದೆ.

‘ಹಂಗಂತ ನಾನೂ ತಿಳ್ಕೊಂಡಿದ್ದೆ’ ಎಂದಳು. ‘ನಿನ್ನಿ ದಢೇಸುಗೂರಿನ ಅಣ್ಣನ ಕರೆಗೆ ಅದರಾಗ ಸೊನ್ನಿ ಹಾಕೀರಿ. ಬ್ಯಾರೆದಕ್ಕ ಹಾಕ್ರಿ, ನಾ ಏನೂ ಅನ್ನಂಗಿಲ್ಲ. ಆದ್ರ ಅಂತಃಕರಣ ಇಲ್ಲಂತ ಬರದೀರಲ್ಲ, ರಾತ್ರಿ ನನಗ ಅನ್ನ ಸೇರಲಿಲ್ಲ ನೋಡ್ರಿ.’

ಜಗಳಕ್ಕೆ ಬಂದಿದ್ದರೆ ನನಗೆ ಉತ್ತರ ಸಿದ್ಧವಿತ್ತು. ಅವಳು ಜಗಳಕ್ಕೆ ಬಂದಿರಲಿಲ್ಲ. ಆ ಸಾರಾಂಶ ತೆಗೆದು ಮತ್ತೆ ಓದಿದೆ: ‘ದಢೇಸುಗೂರಿನ ರೈತರು ಕರೆ ಮಾಡಿ, ಭತ್ತಕ್ಕೆ ಕಾಂಡಕೊರಕದ ಬಾಧೆ ಇರುವುದಾಗಿಯೂ, ಔಷಧದ ಪ್ರಮಾಣ ತಿಳಿಸಬೇಕಾಗಿಯೂ ಕೋರಿರುತ್ತಾರೆ. ಸದರಿಯವರಿಗೆ ಎಕರೆವಾರು ಪ್ರಮಾಣವನ್ನು ಸರಿಯಾಗಿ ತಿಳಿಸಲಾಗಿರುತ್ತದೆ. ತರುವಾಯ ಕರೆ ಮುಕ್ತಾಯಗೊಂಡಿರುತ್ತದೆ.’ ಸ್ವಾಗತ ಸೊನ್ನೆ, ಸಹಾನುಭೂತಿ ಸೊನ್ನೆ, ನಿಖರತೆ ಐದು, ಮುಕ್ತಾಯ ಒಂದು. ನಿಯಮದ ಪ್ರಕಾರ ನಾನು ಹಾಕಿದ್ದು ಬರೋಬರ್ ಇತ್ತು. ಆದರೆ ಒಂದು ವಿಷಯ ಆಗ ಹೊಳೆಯಿತು. ಅವಳು ನಮಸ್ಕಾರ ಅನ್ನಲಿಲ್ಲ ಎಂದು ಕಾಗದ ಹೇಳುತ್ತಿರಲಿಲ್ಲ. ಅಂದಳೋ ಇಲ್ಲವೋ ಎಂಬ ಸುದ್ದಿಯನ್ನೇ ಅದು ಎತ್ತಿರಲಿಲ್ಲ. ಇಲ್ಲದ್ದಕ್ಕೂ ಕಾಣದ್ದಕ್ಕೂ ನಾನು ಒಂದೇ ಸೊನ್ನೆ ಹಾಕುತ್ತ ಬಂದಿದ್ದೆ.

ನನಗೆ ಸಿಟ್ಟು ಬಂತೆಂದರೆ ನಿಯಮ ಗಿಯಮ ಎಲ್ಲ ಪಕ್ಕಕ್ಕೆ. ಆ ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ. ‘ಕಾಕಾ, ನಿನ್ನಿ ಕ್ಯಾಸೆಟ್ ಕೊಡ್ರಿ’ ಎಂದೆ.

‘ನೀ ಕೇಳಬಾರದಂತ ಐತೆಲ್ಲ, ತಂಗೀ?’ ಎಂದರು ಕಾಕಾ. ಅವರ ಮುಖ ಯಾಕೋ ಸಪ್ಪಗಾಯಿತು.

‘ಕೇಳಬಾರದ್ದಾದ್ರ ಹೈದರಾಬಾದಿಗೆ ನಾ ಹೇಳ್ಕೋತೀನಿ. ಕೊಡ್ರಿ.’

ಹೆಡ್‌ಫೋನ್ ಕಿತ್ತು, ಎಲ್ಲರಿಗೂ ಕೇಳುವಂತೆ ಹಚ್ಚಿದೆ. ಹುಡುಗನೂ ಕುರ್ಚಿ ತಿರುಗಿಸಿಕೊಂಡು ಕೂತ.

‘ಶರಣ್ರೀ ಅಣ್ಣಾ, ಯಾವೂರಿಂದ್ರೀ?’ ಎಂದು ಅವಳ ದನಿ ಬಂತು. ಅದು ಸ್ವಾಗತವಲ್ಲದೆ ಮತ್ತೇನು? ರೈತ ಹುಳದ ಮಾತು ತೆಗೆದ. ಸುಳಿ ಒಣಗಿ ನಿಂತಿವೆ, ಎಳೆದರೆ ಕೈಗೆ ಬರುತ್ತವೆ ಎಂದ. ಔಷಧ ತಂದಿಟ್ಟಿದ್ದಾನಂತೆ. ಆಮೇಲೆ ದನಿ ತೊಡರಿತು. ‘ಇಷ್ಟು ದಿನ ಎಲ್ಲಾ ನಮ್ಮಪ್ಪನ ಕಲಸ್ತಿದ್ದ ಯವ್ವಾ. ನನ್ನ ಕೈಗೆ ಬಾಟ್ಲಿನ ಕೊಡ್ತಿರಲಿಲ್ಲ, ವಿಷ ಅದು, ದೂರ ನಿಂದ್ರು ಅಂತಿದ್ದ. ಈಗ ಅವನ ಇಲ್ಲ. ಹೋಗಿ ತಿಂಗಳಾತು.’ ಅಷ್ಟು ಹೇಳಿ ಅವನು ಅತ್ತ. ದೊಡ್ಡ ಗಂಡಸು ಬೂತಿನಲ್ಲಿ ನಿಂತು, ದನಿ ಹೊರಗೆ ಹೋಗದಂತೆ ಅಳುತ್ತಿದ್ದ.

ಮಸ್ಕಿಯವಳು ಒಂದೂ ಮಾತಾಡಲಿಲ್ಲ. ಟೇಪು ಸುಮ್ಮನೆ ತಿರುಗುತ್ತಿತ್ತು. ಬಹಳ ಹೊತ್ತಿನ ಮೇಲೆ, ‘ಅಳ್ರಿ ಅಣ್ಣಾ, ನಾ ಎಲ್ಲೂ ಹೋಗಂಗಿಲ್ಲ. ಇಲ್ಲೇ ಅದೀನಿ’ ಎಂದಳು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, ‘ನಿಮ್ಮಪ್ಪ ನಿಮ್ಮನ್ನ ದೂರ ನಿಂದ್ರಿಸ್ತಿದ್ದ ಅಂದ್ರ ನಿಮ್ಮ ಮ್ಯಾಲ ಎಷ್ಟು ಜೀಂವ ಇಟ್ಟಿದ್ದ ನೋಡ್ರಿ. ಈಗ ನೀವೂ ಮೂಗಿಗೆ ಬಟ್ಟಿ ಕಟ್ಕೊಂಡ ಕಲಸ್ರಿ’ ಎಂದಳು. ಇತ್ತ ಹುಡುಗ ಮೂಗೆಳೆದುಕೊಂಡ.

ಆಗ ಅವಳು ಅಳತೆ ಹೇಳಿದಳು. ಕಣ್ಣು ತುಂಬಿಕೊಂಡೇ ಚಾರ್ಟು ನೋಡಿರಬೇಕು. ನಮ್ಮ ಕಾಲುವೆಯ ಸೀಮೆಯಲ್ಲಿ ಔಷಧ ಹೊಡೆಯುವವರು ಬೆನ್ನಿಗೆ ಹಾಕುವ ಪಂಪಿನ ಲೆಕ್ಕದಲ್ಲಿ ಕೇಳುತ್ತಾರೆ. ಕಂಪನಿಯ ಚಾರ್ಟು ಎಕರೆಯ ಲೆಕ್ಕವನ್ನು ದೊಡ್ಡದಾಗಿ ಬರೆದು, ಪಂಪಿನದನ್ನು ಪಕ್ಕದಲ್ಲಿ ಸಣ್ಣದಾಗಿ ಬರೆದಿತ್ತು. ‘ಒಂದ ಪಂಪಿಗೆ ಎಷ್ಟು ಹಾಕ್ಲಿ?’ ಎಂದು ಅವನು ಕೇಳಿದ. ಅವಳು ದೊಡ್ಡ ಅಕ್ಷರದ ಅಳತೆ ಓದಿ ಹೇಳಿದಳು. ಇಡೀ ಎಕರೆಗೆ ಹಂಚಬೇಕಾದ ವಿಷವನ್ನು ಒಂದು ಪಂಪಿಗೆ ಸುರಿಯಲು ಹೇಳಿದ್ದಳು.

ನಾನು ಟೇಪು ನಿಲ್ಲಿಸಿದೆ. ಕಾಗದದಲ್ಲಿ ‘ಎಕರೆವಾರು ಪ್ರಮಾಣವನ್ನು ಸರಿಯಾಗಿ’ ಎಂದಿತ್ತು. ಕಾಕಾನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಮಸ್ಕಿಯವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಚಾರ್ಟಿನ ಕಡೆ ತಿರುಗಿದವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

‘ಯಾವಾಗ ಹೊಡೀತೀನಿ ಅಂದಿದ್ದ?’ ಎಂದು ಕೇಳಿದೆ.

‘ಇವತ್ತ ಮುಂಜಾನಿ.’

ಪುಣ್ಯಕ್ಕೆ ಕರೆ ಬಂದ ಬೂತಿನ ನಂಬರನ್ನು ಸಾರಾಂಶದ ಮೇಲ್ಗಡೆ ಬರೆಯುವ ಪದ್ಧತಿಯಿತ್ತು. ಅವಳೇ ನಂಬರು ತಿರುಗಿಸಿದಳು. ಕಿರಾಣಿ ಅಂಗಡಿಯವನದು ಆ ಬೂತು. ಎತ್ತಿದವನು, ‘ಅವ ಆಗಲೇ ಪಂಪು ತಗೊಂಡು ಹೊಲಕ್ಕ ಹೋಗ್ಯಾನ’ ಎಂದ. ‘ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಔಷಧ ಹೊಡಿಯಾಕ ಬಿಡಬ್ಯಾಡ್ರಿ, ಜಲ್ದಿ ಹೋಗ್ರಿ’ ಎಂದಳು ಇವಳು. ಅಂಗಡಿಯವನು ಒಳ್ಳೆಯವನಿರಬೇಕು. ಕಾರಣ ಕೇಳಲಿಲ್ಲ. ಷಟರ್ ಎಳೆದ ಸದ್ದು ನಮಗೆ ಫೋನಿನಲ್ಲೇ ಕೇಳಿಸಿತು.

ಆಮೇಲೆ ನಾವು ಕಾದೆವು. ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು, ಹುಡುಗ ಎತ್ತಿ ಮೆಲ್ಲಗೆ ಉತ್ತರ ಕೊಡುತ್ತಿದ್ದ. ರಾಜನ ಗಂಟಲು ಅಂದು ಪೂರಾ ಇಳಿದುಹೋಗಿತ್ತು. ಮಸ್ಕಿಯವಳು ಮಗಳ ಹೆಸರು ಹಿಡಿದು ಏನೇನೋ ಹರಕೆ ಹೊರುತ್ತಿದ್ದಳು. ನನಗೆ ಅವಳ ಕೈ ಹಿಡಿಯಬೇಕೆನಿಸಿತು, ಹಿಡಿದೆ. ತಣ್ಣಗಿತ್ತು. ಕಡೆಗೆ ಅವಳ ಫೋನು ಬಡಿದುಕೊಂಡಿತು.

‘ನಾನು ಯವ್ವಾ, ದಢೇಸುಗೂರಿನಾವ. ಪಂಪು ಕಲಸಿ ಬೆನ್ನಿಗೆ ಹಾಕ್ಕೊಂಡಿದ್ದೆ. ಅಂಗಡಿ ಸಾಹುಕಾರ ಓಡಿ ಬಂದ. ಏನಾತು?’

‘ಅಣ್ಣಾ, ನಿನ್ನಿ ನಾ ನಿಮಗ ತಪ್ಪು ಹೇಳೀನಿ’ ಎಂದಳು. ಸುತ್ತಿಬಳಸಲಿಲ್ಲ. ‘ನಾ ಹೇಳಿದ್ದು ಎಕರೆದ ಅಳತಿ. ಪಂಪಿಂದಲ್ಲ. ಹಂಗ ಹೊಡದಿದ್ರ ಬೆಳಿ ಸುಡ್ತಿತ್ತು, ನಿಮ್ಮ ಜೀಂವಕ್ಕೂ ತ್ರಾಸ ಆಗ್ತಿತ್ತು. ತಪ್ಪು ನಂದು. ಮಾಫ್ ಮಾಡ್ರಿ.’

‘ಕಲಸಿದ್ದನ್ನ ಏನು ಮಾಡ್ಲಿ? ಕಾಲುವಿಗೆ ಚೆಲ್ಲಲೇನು?’ ಎಂದು ಅವನು ಕೇಳಿದ.

‘ಬ್ಯಾಡ್ರಿ, ಆ ನೀರು ದನ ಕುಡೀತಾವ. ಅದರಾಗ ಒಂದ ಎಕರೆದ ಔಷಧ ಐತಿ. ದೊಡ್ಡ ಡ್ರಮ್ಮಿಗೆ ಸುರುವಿ, ಎಕರೆಕ್ಕ ಬೇಕಾದಷ್ಟು ನೀರು ಕೂಡಿಸ್ರಿ. ಆಮ್ಯಾಲ ಪಂಪು ಪಂಪು ತುಂಬ್ಕೊಂಡು ಇಡೀ ಎಕರೆಕ್ಕ ಹೊಡೀರಿ.’ ಈ ಸಲ ಬೆರಳಿಟ್ಟು ಚಾರ್ಟು ಓದಿದಳು. ನಾನೂ ಪಕ್ಕದಲ್ಲಿ ನಿಂತು ಓದಿದೆ. ಅವನಿಂದ ತಿರುಗಿ ಹೇಳಿಸಿಕೊಂಡಳು. ಅವನು ಫೋನು ಇಡುವ ತನಕ ಇವಳು ಇಡಲಿಲ್ಲ. ಮನೆಗೆ ಬಂದವರು ಏಳುವ ಮೊದಲು ನಾವು ಬಾಗಿಲು ಹಾಕುತ್ತೇವೆಯೇ, ಹಾಗೆ. ಅವಳ ಮುಕ್ತಾಯಕ್ಕೆ ಅಲ್ಲಿಯ ತನಕ ನಾನು ಕೊಡುತ್ತಿದ್ದದ್ದು ಒಂದು ಅಂಕ.

ಈಗ ಕಾಕಾನ ಸರದಿ. ‘ಯಾಕ ಹಿಂಗ ಬರದ್ರಿ?’ ಎಂದೆ. ನನ್ನ ದನಿ ಜೋರಾಗಿಯೇ ಇತ್ತು.

‘ಕಚೇರಿದಾಗ ನಮಗ ಹಂಗ ಕಲಿಸಿದ್ರು ತಂಗೀ. ಹೇಳಾವ್ರು ಹೆಂಗರ ಹೇಳಲಿ, ದಾಖಲಿ ಮಾತ್ರ ನೆಟ್ಟಗ ಇರಬೇಕು. ಚಾರ್ಟಿನಾಗ ಏನೈತಿ ಅದನ್ನ ಬರದೆ. ಪಾಪ, ಇಬ್ಬರೂ ಕಲಿಯೋ ಮಂದಿ. ಆ ಹುಡುಗಂದೂ ಒಂದೆರಡು ತಿದ್ದೀನಿ. ಒಂದ ಅಕ್ಷರದ ಸಲುವಾಗಿ ಯಾರದರ ಅನ್ನ ಯಾಕ ಹೋಗಬೇಕಂದೆ.’ ಆಮೇಲೆ ತಾವಾಗಿಯೇ, ‘ಕಾಗದದಾಗ ನೆಟ್ಟಗಾತು. ಹೊಲದಾಗ ಆಗಲಿಲ್ಲ’ ಎಂದು ಕಣ್ಣೊರೆಸಿಕೊಂಡರು.

ಎಂಥ ಮನುಷ್ಯ! ಅಳುವವನ ಅಳು ಬಿಟ್ಟರು, ಸಂತೈಸಿದವಳ ಸಂತೈಕೆ ಬಿಟ್ಟರು, ತಪ್ಪನ್ನು ಮಾತ್ರ ಪ್ರೀತಿಯಿಂದ ತಿದ್ದಿದರು. ಅವಳಲ್ಲಿದ್ದದ್ದಕ್ಕೆ ಸೊನ್ನೆ, ಇಲ್ಲದ್ದಕ್ಕೆ ಐದು. ಬೈಯಲು ಬಾಯಿ ತೆರೆದವಳು ಚಹಾ ತರಿಸಿದೆ. ಹುಡುಗನ ಆ ಒಂದೆರಡು ತಪ್ಪುಗಳು ಬೀಜ ಎಷ್ಟು ದಿನಕ್ಕೆ ಕೊಯ್ಲಿಗೆ ಬರುತ್ತದೆ ಎಂಬ ಲೆಕ್ಕದವು. ಆ ರೈತರಿಗೂ ಅವನಿಂದ ಫೋನು ಮಾಡಿಸಿದೆವು.

ದಢೇಸುಗೂರಿನ ಕರೆಗೆ ಹೊಸದಾಗಿ ಸಾರಾಂಶ ಬರೆದು ಹೈದರಾಬಾದಿಗೆ ಕಳಿಸಲೇಬೇಕಿತ್ತು. ಇನ್ನು ಮೇಲೆ ಸ್ವಾಗತ, ಮುಕ್ತಾಯದ ಮಾತುಗಳನ್ನೂ ಅಳತೆಯ ಮಾತನ್ನೂ ಬಾಯಿಂದ ಬಂದಂತೆಯೇ ಬರೆಯಬೇಕು ಎಂದು ಕಾಕಾಗೆ ಹೇಳಿದೆ. ಕಾಗದದಲ್ಲಿ ಕಾಣದ್ದಕ್ಕೆ ನಾನು ಸೊನ್ನೆ ಹಾಕದೆ ಬರೀ ಗೀಟು ಎಳೆದು, ಟೇಪು ಕೇಳಿ ತುಂಬುತ್ತೇನೆ ಎಂದೆ. ಕಾಕಾ ಬರೆಯುತ್ತ ಹೋದರು. ‘ರೈತರು ಅತ್ತರು. ಏಜೆಂಟರು ಸುಮ್ಮನೆ ಕೂತು ಕೇಳಿದರು’ ಎಂದು ಬರೆದರು. ಅವರ ಕೈಯಿಂದ ‘ಸದರಿ’ ಇಲ್ಲದ ವಾಕ್ಯ ಬಂದದ್ದನ್ನು ನಾನು ಮೊದಲ ಸಲ ಕಂಡೆ. ಅಳತೆಯ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

ಮಸ್ಕಿಯವಳು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. ‘ಬರೀರಿ ಕಾಕಾ. ಏಜೆಂಟರು ಪಂಪಿಗೆ ತಪ್ಪು ಅಳತಿ ಹೇಳಿದರು.’

‘ನಿನ್ನ ಮಗಳ ಸಾಲಿ, ಯವ್ವಾ...’

‘ಆ ದಢೇಸುಗೂರಿನ ಅಣ್ಣಗೂ ಮಕ್ಕಳಿರ್ತಾವ. ಬರೀರಿ.’

ಕಾಕಾ ಬರೆದರು. ಕಾಗದ ನನ್ನ ಮುಂದೆ ಬಂತು. ಸ್ವಾಗತಕ್ಕೆ ಐದು, ಅಂತಃಕರಣಕ್ಕೆ ಐದು, ಮುಕ್ತಾಯಕ್ಕೆ ಐದು ಹಾಕಿದೆ. ನಿಖರತೆಗೆ ಸೊನ್ನೆ. ಕೂಡಿಸಿದರೆ ಹದಿನೈದು. ಹುಡುಗನ ಎಷ್ಟೋ ಕರೆಗಳಿಗಿಂತ ಅದು ಹೆಚ್ಚೇ. ನೋಡಿದಷ್ಟೂ ಆ ಹದಿನೈದು ನನ್ನ ಕಣ್ಣಿಗೆ ಚುಚ್ಚಿತು. ಸಿಹಿ ಮಾತಿನಿಂದ ವಿಷದ ಅಳತೆಯನ್ನು ಸರಿದೂಗಿಸಲು ಬರುತ್ತದೆಯೇ? ಅಳತೆ ತಪ್ಪಿ ಬೆಳೆಗೋ ಜೀವಕ್ಕೋ ಕುತ್ತು ಬರುವಂತಿದ್ದರೆ ಇಡೀ ಕರೆಗೇ ಸೊನ್ನೆ ಎಂದು ಹೊಸ ನಿಯಮ ಬರೆದು, ಮೊದಲು ಅವಳ ಕರೆಗೇ ಅದನ್ನು ಹಚ್ಚಿದೆ. ಆ ಸೊನ್ನೆಯಿಂದ ಅವಳು ಖಂಡಿತ ಕೆಳಗೆ ಉಳಿಯುತ್ತಿದ್ದಳು. ಅವಳು ನೋಡಿ ‘ಬರೋಬರ್ ಐತಿ ಅಕ್ಕೋರ’ ಎಂದಳು. ಎದ್ದು ಹೋಗಿ ತನ್ನ ಫೋನಿನ ಮುಂದೆ ಕೂತಳು. ನಡೆದದ್ದೆಲ್ಲವನ್ನೂ, ನಾನು ಟೇಪು ಕೇಳಿದ್ದನ್ನೂ ಸೇರಿಸಿ, ಹೈದರಾಬಾದಿಗೆ ಬರೆದೆ.

ಉತ್ತರ ಬರುವ ತನಕದ ದಿನಗಳು ಬಹಳ ಉದ್ದವಾಗಿದ್ದವು. ಅವಳು ಖೋಲಿ ಬಿಡುವ ಮಾತಾಡತೊಡಗಿದಳು. ಮಗಳಿಗೆ ಮಾತ್ರ ಇನ್ನೂ ಹೇಳಿರಲಿಲ್ಲ.

ಅಂಥದ್ದರಲ್ಲಿ ಒಂದು ಮಧ್ಯಾಹ್ನ, ಅವಳು ಊಟಕ್ಕೆ ಕೂತಿದ್ದಾಗ, ಹುಡುಗನ ಫೋನಿಗೆ ಕರೆ ಬಂತು. ಅವನು ಒಂದೆರಡು ಮಾತಾಡಿದವನೇ ರಿಸೀವರಿಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ನೋಡಿದ. ‘ದಢೇಸುಗೂರಿನಾವ್ರು. ಎರಡನೇ ಸಲ ಔಷಧ ಹೊಡೀಬೇಕಂತ. ನಾ ಹೇಳ್ತೀನಿ ಅಂದ್ರ ಒಲ್ಲೆ ಅಂತಾರ’ ಎಂದ. ಅವನ ಮುಖದಲ್ಲಿ ಬೇಜಾರಿರಲಿಲ್ಲ, ನಗುವಿತ್ತು. ಊಟದ ಕೈ ತೊಳೆದು ಅವಳು ಓಡಿ ಬಂದಳು.

ಆ ಕರೆಯ ಸಾರಾಂಶವನ್ನು ಕಾಕಾ ಅಂದೇ ಬರೆದುಕೊಟ್ಟರು. ಅಳತೆಯ ಮಾತು ಸರಿಯಿತ್ತು, ಟೇಪು ಹಚ್ಚಿ ನೋಡಿದೆ. ಮೊದಲ ಸಾಲಿನಲ್ಲಿ, ಹುಡುಗನಿಗೆ ರೈತ ಹೇಳಿದ್ದನ್ನು ಕಾಕಾ ಬಾಯಿಂದ ಬಂದಂತೆಯೇ ಇಳಿಸಿದ್ದರು: ‘ನೀ ಬ್ಯಾಡಪಾ. ತಪ್ಪು ಹೇಳಿ, ತಪ್ಪು ನಂದು ಅಂತ ತಾನ ಫೋನ್ ಮಾಡಿದಾಕಿ ಅದಾಳಲ್ಲ, ಆಕಿಗೆ ಕೊಡು. ಆಕಿ ಹೇಳಿದ್ರ ನಾ ಕಣ್ಣು ಮುಚ್ಚಿ ಹೊಡೀತೀನಿ.’

ಈ ಮಾತಿಗೆ ನಾಲ್ಕರಲ್ಲಿ ಯಾವ ಬಾಬತ್ತಿನಲ್ಲಿ ಅಂಕ ಕೊಡಬೇಕು ಎಂದು ನನಗೆ ತಿಳಿಯಲಿಲ್ಲ. ಹಾಗೆಂದೇ ಬದಿಯಲ್ಲಿ ಬರೆದು ಹೈದರಾಬಾದಿಗೆ ಕಳಿಸಿದೆ. ಮ್ಯಾನೇಜರು ತಾವೇ ಫೋನು ಮಾಡಿದರು. ಇಷ್ಟು ದಿನದ ಅಂಕಗಳೆಲ್ಲ ರದ್ದು, ಕಾಕಾ ಇರಲಿ, ನಿಮ್ಮ ಹೊಸ ನಿಯಮವೂ ಇರಲಿ, ಹುಡುಗನಿಗೆ ಊರೂರು ತಿರುಗುವ ಮಾರಾಟದ ಕೆಲಸ ಕೊಡುತ್ತೇವೆ ಎಂದರು. ನಾನು ತಡೆಯಲಾರದೆ, ‘ಉಳಿಯೋ ಫೋನು ಯಾರಿಗ್ರೀ?’ ಎಂದೆ.

‘ರೈತ ಯಾರನ್ನ ಕೇಳಿದ?’ ಎಂದರು ಅವರು.

ಅವಳಿಗೆ ಹೇಳಲು ಹೋದೆ. ಅವಳು ಫೋನಿನಲ್ಲಿದ್ದಳು. ‘ಶರಣ್ರೀ ಅಣ್ಣಾ, ತುರ್ವಿಹಾಳದಾಗ ಕಾಲುವಿ ನೀರು ಬಂತೇನ್ರೀ? ಎಕರೆದ ಅಳತಿ ಬೇಕೋ, ಪಂಪಿಂದೋ?’ ಎಂದು ಕೇಳುತ್ತ ಚಾರ್ಟಿನ ಮೇಲೆ ಬೆರಳಿಟ್ಟಿದ್ದಳು. ಆ ಕಡೆಯವನು ಫೋನು ಇಡುವ ತನಕ ನಾನು ಅಲ್ಲೇ ನಿಂತು ಕಾಯ್ದೆ. ಆಮೇಲೆ ಹೇಳಿದೆ. ನನ್ನ ಹೆಗಲ ಮೇಲೆ ತಲೆಯಿಟ್ಟು ಅವಳು ಅತ್ತಳು, ನಾನೂ ಅತ್ತೆ.